ಪ್ರಾಯೋಜಕತ್ವ ಒಪ್ಪಂದ: ಸಹಿಗೆ ಮುನ್ನ ಸಾಲು ಸಾಲಾಗಿ ಓದುವ ಬಗೆ

ಯೂಟ್ಯೂಬ್ ಅಥವಾ ಇನ್‌ಸ್ಟಾಗ್ರಾಂನಲ್ಲಿ ಅಡುಗೆ, ಕೃಷಿ, ಪ್ರವಾಸದ ವಿಡಿಯೊಗಳನ್ನು ಪ್ರಕಟಿಸುವವರಿಗೆ ಕಂಪನಿಯೊಂದರಿಂದ ಪ್ರಾಯೋಜಕತ್ವದ ಪ್ರಸ್ತಾವ ಬಂದಾಗ ಮೊದಲು ಕಣ್ಣಿಗೆ ಬೀಳುವುದು ಮೊತ್ತ. ಅದರ ಜೊತೆಗೆ ಇ-ಮೇಲ್‌ನಲ್ಲಿ ಬರುವ ಎಂಟು-ಹತ್ತು ಪುಟಗಳ ಇಂಗ್ಲಿಷ್ ಕರಾರುಪತ್ರವನ್ನು ಕೊನೆಯ ಪುಟದಿಂದ, ಅಂದರೆ ಸಹಿ ಹಾಕುವ ಜಾಗದಿಂದ, ನೋಡಲಾರಂಭಿಸುವವರೇ ಹೆಚ್ಚು. ಆದರೆ ಆ ಮೊತ್ತ ನಿಜವಾಗಿ ಎಷ್ಟು, ಯಾವ ದಿನ ಕೈ ಸೇರುತ್ತದೆ, ಸೇರುವುದೇ ಇಲ್ಲವೇ ಎಂಬುದನ್ನು ತೀರ್ಮಾನಿಸುವುದು ನಡುವಿನ ಪುಟಗಳು.

ಆ ಪುಟಗಳಲ್ಲಿ ಐದು ಷರತ್ತುಗಳು ಮುಖ್ಯ: ಒಪ್ಪಿಸಬೇಕಾದ ಕೆಲಸ, ತಿದ್ದುಪಡಿಯ ಸುತ್ತುಗಳು, ಪಾವತಿ, ಪ್ರತಿಸ್ಪರ್ಧಿ ಕಂಪನಿಗಳ ಕುರಿತ ನಿರ್ಬಂಧ ಮತ್ತು ರದ್ದತಿ. ಇವು ಬಿಡಿಬಿಡಿಯಾಗಿ ಕಂಡರೂ ಒಂದೇ ಸರಪಳಿಯ ಕೊಂಡಿಗಳು. ಕೆಲಸ ಎಲ್ಲಿಗೆ ಮುಗಿಯುತ್ತದೆಂಬುದು ಸ್ಪಷ್ಟವಿಲ್ಲದಿದ್ದರೆ ಒಪ್ಪಿಗೆ ಸಿಗುವುದಿಲ್ಲ. ಒಪ್ಪಿಗೆ ಸಿಗದಿದ್ದರೆ ಹಣದ ಗಡುವು ಆರಂಭವಾಗುವುದಿಲ್ಲ. ಆ ನಡುವೆ ಬೇರೆ ಕೆಲಸ ಹಿಡಿಯಲು ನಿರ್ಬಂಧ ಬಿಡುವುದಿಲ್ಲ. ಆದ್ದರಿಂದ ಪ್ರತಿ ಸಾಲನ್ನೂ ಓದುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಹಣ ಬರುವ ದಿನವನ್ನು ಈ ಸಾಲು ಯಾರ ಕೈಗೆ ಕೊಡುತ್ತಿದೆ?

ಒಂದು ಕಾಲ್ಪನಿಕ ಉದಾಹರಣೆಯ ಮೂಲಕ ಇದನ್ನು ನೋಡಬಹುದು. ದಾವಣಗೆರೆಯಲ್ಲಿ ಅಡುಗೆ ವಾಹಿನಿ ನಡೆಸುವ ಮಹಿಳೆಯೊಬ್ಬರಿಗೆ ಮಸಾಲೆ ಪುಡಿ ತಯಾರಿಸುವ ಕಂಪನಿಯ ಪರವಾಗಿ ಮುಂಬೈನ ಜಾಹೀರಾತು ಏಜೆನ್ಸಿಯೊಂದು ಒಪ್ಪಂದ ಕಳುಹಿಸಿದೆ. ಮೊತ್ತ 1,20,000 ರೂಪಾಯಿ. ಮೇ 2ರಂದು ಸಹಿ ಹಾಕಬೇಕು, ಜೂನ್ 10ರಂದು ವಿಡಿಯೊ ಪ್ರಕಟವಾಗಬೇಕು.

ಓದುವ ಮುನ್ನ: ವ್ಯಾಖ್ಯೆ ಮತ್ತು ಕ್ರಿಯಾಪದ

ಇಂಗ್ಲಿಷ್ ಕರಾರುಗಳಲ್ಲಿ ದೊಡ್ಡಕ್ಷರದಿಂದ ಆರಂಭವಾಗುವ ‘ಕ್ಯಾಂಪೇನ್’, ‘ಟರ್ಮ್’, ‘ಕಾಂಪಿಟಿಟರ್’ ಮೊದಲಾದ ಪದಗಳಿಗೆ ನಿತ್ಯದ ಅರ್ಥವಿರುವುದಿಲ್ಲ. ಮೊದಲ ಪುಟದ ವ್ಯಾಖ್ಯೆಗಳಲ್ಲಿ ಏನು ಬರೆದಿದೆಯೋ ಅಷ್ಟೇ ಅವುಗಳ ಅರ್ಥ. ಉದಾಹರಣೆಯ ಒಪ್ಪಂದದಲ್ಲಿ ‘ಟರ್ಮ್’ ಎಂದರೆ ‘ಸಹಿಯ ದಿನದಿಂದ, ಕೊನೆಯ ವಿಡಿಯೊ ಪ್ರಕಟವಾಗಿ ಆರು ತಿಂಗಳು ಕಳೆಯುವವರೆಗಿನ ಅವಧಿ’ ಎಂದಿದೆ. ಕೆಲಸ ನಡೆಯುವುದು ಸುಮಾರು 40 ದಿನ. ಒಪ್ಪಂದ ಜೀವಂತವಾಗಿರುವುದು ಏಳು ತಿಂಗಳಿಗೂ ಹೆಚ್ಚು. ಈ ಒಂದು ಸಾಲಿನ ಪರಿಣಾಮ ಐದನೇ ಪುಟದ ನಿರ್ಬಂಧದಲ್ಲಿ ಮತ್ತೆ ಎದುರಾಗುತ್ತದೆ.

ಎರಡನೆಯದಾಗಿ ಗಮನಿಸಬೇಕಾದದ್ದು ಕ್ರಿಯಾಪದ. ‘ಶಲ್’ ಎಂದಿರುವ ಕಡೆ ಮಾಡಲೇಬೇಕೆಂಬ ಬಾಧ್ಯತೆ ಇರುತ್ತದೆ. ‘ಮೇ’ ಎಂದಿರುವ ಕಡೆ ಬೇಕಿದ್ದರೆ ಮಾಡುವ ಸ್ವಾತಂತ್ರ್ಯ ಇರುತ್ತದೆ. ಮೊದಲನೆಯದಕ್ಕೆ ಕೆಂಪು, ಎರಡನೆಯದಕ್ಕೆ ನೀಲಿ ಗೆರೆ ಎಳೆಯುತ್ತಾ ಹೋದರೆ ಒಪ್ಪಂದದ ಸ್ವರೂಪ ಹತ್ತೇ ನಿಮಿಷದಲ್ಲಿ ತಿಳಿಯುತ್ತದೆ. ವಿಡಿಯೊ ಮಾಡುವವರ ಹೆಸರಿನ ಮುಂದೆ ಎಲ್ಲವೂ ಕೆಂಪು, ಕಂಪನಿಯ ಹೆಸರಿನ ಮುಂದೆ ಎಲ್ಲವೂ ನೀಲಿ ಎಂದಾದರೆ, ಕಂಪನಿ ಯಾವುದನ್ನೂ ಖಚಿತವಾಗಿ ಒಪ್ಪಿಕೊಂಡಿಲ್ಲ ಎಂದೇ ಅರ್ಥ.

ಒಪ್ಪಿಸಬೇಕಾದ ಕೆಲಸ

‘ಡೆಲಿವರಬಲ್ಸ್’ ಎಂಬ ಶೀರ್ಷಿಕೆಯಡಿ ಉದಾಹರಣೆಯ ಒಪ್ಪಂದ ಹೀಗೆ ಹೇಳುತ್ತದೆ: ‘ಒಂದು ವಿಡಿಯೊ, ಮೂರು ರೀಲ್‌ಗಳು ಹಾಗೂ ಪ್ರಚಾರಕ್ಕೆ ಸಮಂಜಸವಾಗಿ ಅಗತ್ಯವೆನಿಸುವ ಇತರ ಸಾಮಗ್ರಿ.’ ಮೊದಲ ಎರಡನ್ನು ಎಣಿಸಬಹುದು, ಮೂರನೆಯದನ್ನು ಎಣಿಸಲಾಗದು. ‘ಇತರ’ ಎಂಬ ಪದ ಉಳಿದಿರುವ ತನಕ ಕೆಲಸ ಮುಗಿಯಿತೆಂದು ಹೇಳುವ ಅಧಿಕಾರ ಏಜೆನ್ಸಿಯದೇ. ಫೋಟೊ ಕಳುಹಿಸಿ, ಸ್ಟೋರಿ ಹಾಕಿ, ನೇರ ಪ್ರಸಾರಕ್ಕೆ ಬನ್ನಿ ಎಂಬ ಬೇಡಿಕೆಗಳಿಗೆಲ್ಲ ಆ ಒಂದು ಪದ ಬಾಗಿಲು ತೆರೆಯುತ್ತದೆ.

ಈ ಸಾಲನ್ನು ಅಳತೆಗೆ ಸಿಗುವಂತೆ ಬದಲಿಸಿ ಬರೆಯಬೇಕು. ಎಂಟರಿಂದ ಹತ್ತು ನಿಮಿಷದ ಒಂದು ಕನ್ನಡ ವಿಡಿಯೊ. ಅದರಲ್ಲಿ ಉತ್ಪನ್ನದ ಪ್ರಸ್ತಾಪ 60ರಿಂದ 90 ಸೆಕೆಂಡು. ಮೂವತ್ತರಿಂದ 45 ಸೆಕೆಂಡಿನ ಮೂರು ರೀಲ್‌ಗಳು. ಎಲ್ಲವೂ ವಾಹಿನಿಯ ಸ್ವಂತ ಖಾತೆಯಲ್ಲಿ ಮಾತ್ರ. 12 ತಿಂಗಳವರೆಗೆ ಅಳಿಸುವಂತಿಲ್ಲ. ಪ್ರತಿ ಬಾಬಿಗೂ ದರ ನಮೂದಿಸುವುದು ಇನ್ನೂ ಒಳ್ಳೆಯದು. ವಿಡಿಯೊಗೆ 75,000, ರೀಲ್ ಒಂದಕ್ಕೆ 15,000ದಂತೆ 45,000, ಒಟ್ಟು 1,20,000 ರೂಪಾಯಿ ಎಂದು ಬರೆದರೆ ಹೆಚ್ಚುವರಿ ರೀಲ್ ಕೇಳಿದಾಗ ಚರ್ಚೆ ಬೇಕಿಲ್ಲ. ಒಪ್ಪಂದ ಅರ್ಧದಲ್ಲಿ ನಿಂತರೆ ಎಷ್ಟು ಬಾಕಿ ಎಂಬ ಲೆಕ್ಕವೂ ಅಲ್ಲಿಯೇ ಇರುತ್ತದೆ.

ಕೆಲಸದ ಪಟ್ಟಿಯಲ್ಲಿ ಫಲಿತಾಂಶ ನುಸುಳಿದೆಯೇ ಎಂದೂ ನೋಡಬೇಕು. ‘ಕನಿಷ್ಠ ಐದು ಲಕ್ಷ ವೀಕ್ಷಣೆ, ಕಡಿಮೆಯಾದರೆ ಉಚಿತವಾಗಿ ಹೆಚ್ಚುವರಿ ವಿಡಿಯೊ’ ಎಂಬ ಸಾಲು ಆಗಾಗ ಕಾಣಸಿಗುತ್ತದೆ. ವಿಡಿಯೊ ಮಾಡುವುದು ವಾಹಿನಿಯ ಕೈಯಲ್ಲಿದೆ, ಅದನ್ನು ಎಷ್ಟು ಜನರಿಗೆ ತೋರಿಸಬೇಕೆಂಬುದು ಯೂಟ್ಯೂಬ್‌ನ ಕೈಯಲ್ಲಿದೆ. ತನ್ನ ಹಿಡಿತದಲ್ಲಿಲ್ಲದ ಸಂಖ್ಯೆಗೆ ಯಾರೂ ಖಾತರಿ ಕೊಡಲಾಗದು. ಈ ಸಾಲನ್ನು ತೆಗೆಸಬೇಕು. ಆಗದಿದ್ದರೆ ‘ಗರಿಷ್ಠ ಒಂದು ರೀಲ್’ ಎಂಬ ಮಿತಿಯನ್ನಾದರೂ ಹಾಕಿಸಬೇಕು.

ವಿಡಿಯೊದ ಒಡೆತನವೂ ಇಲ್ಲಿಯೇ ತೀರ್ಮಾನವಾಗುತ್ತದೆ. ಒಪ್ಪಂದದಲ್ಲಿ ಹಕ್ಕಿನ ಮಾತೇ ಇಲ್ಲದಿದ್ದರೆ ಹಕ್ಕು ತಮ್ಮದೇ ಎಂದು ವಿಡಿಯೊ ಮಾಡಿದವರು ಭಾವಿಸುವುದುಂಟು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಇದಕ್ಕೆ ವ್ಯತಿರಿಕ್ತವಾಗಿದೆ. ಒಬ್ಬರ ಕೋರಿಕೆಯ ಮೇರೆಗೆ, ಹಣ ಪಡೆದು ತಯಾರಿಸಿದ ಛಾಯಾಚಿತ್ರ ಅಥವಾ ಚಲನಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಕೋರಿದವರೇ ಮೊದಲ ಹಕ್ಕುದಾರರು. ಚಲನಚಿತ್ರವೆಂದರೆ ಕಾಯ್ದೆಯ ಪ್ರಕಾರ ದೃಶ್ಯ ಮುದ್ರಣ. ವಿಡಿಯೊ ಅದರೊಳಗೆ ಬರುತ್ತದೆ. ಅಂದರೆ ಒಪ್ಪಂದದ ಮೌನ ಕಂಪನಿಗೆ ಅನುಕೂಲ. ಆದ್ದರಿಂದ ‘ಹಕ್ಕು ವಾಹಿನಿಯದು, ಕಂಪನಿ ತನ್ನ ಖಾತೆಗಳಲ್ಲಿ 90 ದಿನ ಬಳಸಬಹುದು, ಹಣ ಕೊಟ್ಟು ಜಾಹೀರಾತಾಗಿ ಓಡಿಸುವುದಾದರೆ ಪ್ರತ್ಯೇಕ ಶುಲ್ಕ’ ಎಂದು ಸ್ಪಷ್ಟವಾಗಿ ಬರೆಸಬೇಕು. ಹಕ್ಕನ್ನು ವರ್ಗಾಯಿಸಲು ಒಪ್ಪಿದರೂ ಅವಧಿ ಮತ್ತು ಪ್ರದೇಶ ನಮೂದಾಗಬೇಕು. ನಮೂದಿಸದಿದ್ದರೆ ಅದೇ ಕಾಯ್ದೆಯ 19ನೇ ಸೆಕ್ಷನ್ ಅವಧಿಯನ್ನು ಐದು ವರ್ಷ, ಪ್ರದೇಶವನ್ನು ಭಾರತ ಎಂದು ಪರಿಗಣಿಸುತ್ತದೆ. ‘ಶಾಶ್ವತವಾಗಿ, ವಿಶ್ವದಾದ್ಯಂತ’ ಎಂದು ಬರೆದಿದ್ದರೆ ಆ ರಕ್ಷಣೆಯೂ ಸಿಗದು.

ತಿದ್ದುಪಡಿಯ ಸುತ್ತುಗಳು

ಮೂರನೇ ಪುಟದಲ್ಲಿ, ‘ಕಂಪನಿಗೆ ತೃಪ್ತಿಯಾಗುವವರೆಗೆ ವಿಡಿಯೊವನ್ನು ತಿದ್ದಿಕೊಡತಕ್ಕದ್ದು’ ಎಂದಿದೆ. ತೃಪ್ತಿಗೆ ಅಳತೆ ಇಲ್ಲ, ಗಡುವೂ ಇಲ್ಲ. ಇಂಥ ಸಾಲಿನಿಂದ ಆಗುವ ತೊಂದರೆ ಹೀಗೆ ಮುಂದುವರಿಯುತ್ತದೆ: ಮೇ 20ರಂದು ಕರಡು ವಿಡಿಯೊ ಕಳುಹಿಸಲಾಗುತ್ತದೆ. ಮೂರು ದಿನಗಳ ಬಳಿಕ ಏಜೆನ್ಸಿ ಹಿನ್ನೆಲೆ ಸಂಗೀತ ಬದಲಿಸಲು ಹೇಳುತ್ತದೆ. ಅದನ್ನು ಬದಲಿಸಿದ ಮೇಲೆ ಕಂಪನಿಯ ಮಾರಾಟ ವಿಭಾಗ ಪೊಟ್ಟಣ ಇನ್ನೂ ಹತ್ತಿರದಿಂದ ಕಾಣಬೇಕೆನ್ನುತ್ತದೆ. ಮತ್ತೊಂದು ವಾರದ ನಂತರ ಮೇಲಧಿಕಾರಿಯೊಬ್ಬರು ಸಾರಿನ ಬದಲು ಬಿಸಿಬೇಳೆಬಾತ್ ತೋರಿಸಿದರೆ ಚೆನ್ನ ಎನ್ನುತ್ತಾರೆ. ಮೊದಲ ಎರಡು ತಿದ್ದುಪಡಿಗಳು, ಮೂರನೆಯದು ಹೊಸ ವಿಡಿಯೊ. ಸಾಮಗ್ರಿ, ಕ್ಯಾಮೆರಾದವರ ಕೂಲಿ, ಸಂಕಲನ ಸೇರಿ ಮರುಚಿತ್ರೀಕರಣಕ್ಕೆ 12,000 ರೂಪಾಯಿ ತಗಲುವುದಾದರೆ ಅದು ವಾಹಿನಿಯ ಕೈಯಿಂದಲೇ ಹೋಗುತ್ತದೆ.

ಇದನ್ನು ತಡೆಯಲು ಒಪ್ಪಿಗೆಯನ್ನು ಎರಡು ಹಂತಗಳಾಗಿ ಒಡೆಯುವುದು ವಾಡಿಕೆ. ಮೊದಲು ಚಿತ್ರಕಥೆ ಅಥವಾ ಸ್ಕ್ರಿಪ್ಟ್‌ಗೆ ಲಿಖಿತ ಒಪ್ಪಿಗೆ, ನಂತರ ಚಿತ್ರೀಕರಣ. ಸ್ಕ್ರಿಪ್ಟ್ ಒಪ್ಪಿದ ಮೇಲೆ ಅದರಿಂದ ಹೊರಗಿನ ಯಾವುದೇ ಬದಲಾವಣೆ ಮರುಚಿತ್ರೀಕರಣ. ಅದಕ್ಕೆ ನಿಗದಿತ ಶುಲ್ಕ. ಸ್ಕ್ರಿಪ್ಟ್‌ನೊಳಗಿನ ಬದಲಾವಣೆ ಮಾತ್ರ ತಿದ್ದುಪಡಿ. ಅದಕ್ಕೆ ಎರಡು ಸುತ್ತು ಉಚಿತ. ವಾಹಿನಿಯದೇ ತಪ್ಪು, ಉದಾಹರಣೆಗೆ ಉತ್ಪನ್ನದ ಹೆಸರು ತಪ್ಪಾಗಿ ಹೇಳಿದ್ದು, ಸುತ್ತಿನ ಲೆಕ್ಕಕ್ಕೆ ಬಾರದೆ ಸರಿಯಾಗಬೇಕು. ಈ ಮಾತನ್ನು ವಾಹಿನಿಯ ಕಡೆಯಿಂದಲೇ ಸೇರಿಸಿದರೆ ಉಳಿದ ಮಿತಿಗಳಿಗೆ ಏಜೆನ್ಸಿ ಒಪ್ಪುವುದು ಸುಲಭವಾಗುತ್ತದೆ.

‘ಒಂದು ಸುತ್ತು’ ಎಂದರೇನು ಎಂಬುದನ್ನೂ ಬರೆಯಬೇಕು. ಏಜೆನ್ಸಿ ಮತ್ತು ಕಂಪನಿಯ ಎಲ್ಲ ವಿಭಾಗಗಳ ಸಲಹೆಗಳು ಒಂದೇ ಇ-ಮೇಲ್‌ನಲ್ಲಿ, ಒಬ್ಬ ನಿರ್ದಿಷ್ಟ ವ್ಯಕ್ತಿಯಿಂದ ಬಂದರೆ ಒಂದು ಸುತ್ತು. ಕರಡು ತಲುಪಿದ ಮೂರು ಕೆಲಸದ ದಿನಗಳಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆ ದೊರೆತಂತೆ ಎಂಬ ಸಾಲು ಇಡೀ ಒಪ್ಪಂದದಲ್ಲೇ ಅತಿ ಮುಖ್ಯವಾದುದು. ಅದಿಲ್ಲದಿದ್ದರೆ ಏಜೆನ್ಸಿ ಸುಮ್ಮನಿದ್ದೇ ಹಣದ ಗಡುವನ್ನು ಮುಂದೂಡಬಹುದು.

ತಿದ್ದುಪಡಿಯ ಹೆಸರಿನಲ್ಲಿ ಬಾಯಿಗೆ ತುರುಕುವ ಮಾತುಗಳ ಬಗ್ಗೆಯೂ ಎಚ್ಚರ ಬೇಕು. ‘ಈ ಪುಡಿಯಿಂದ ಮಧುಮೇಹ ಹತೋಟಿಗೆ ಬರುತ್ತದೆ’ ಎಂಬ ವಾಕ್ಯ ಸೇರಿಸಲು ಕಂಪನಿ ಕೇಳಿತೆನ್ನಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರಷ್ಟೇ ಅಲ್ಲ, ಪ್ರಚಾರ ಮಾಡಿದವರೂ ಹೊಣೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಮೊದಲ ಸಲ ಹತ್ತು ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಪ್ರಚಾರ ಕಾರ್ಯದಿಂದಲೇ ಒಂದು ವರ್ಷ, ಮರುಕಳಿಸಿದರೆ ಮೂರು ವರ್ಷ ನಿಷೇಧಿಸಬಹುದು. ಹೇಳಿಕೆಯ ಸತ್ಯಾಸತ್ಯತೆಯನ್ನು ತಕ್ಕ ಜಾಗರೂಕತೆಯಿಂದ ಪರಿಶೀಲಿಸಿದ್ದರೆ ಮಾತ್ರ ಪ್ರಚಾರಕರಿಗೆ ರಕ್ಷಣೆ. ಆದ್ದರಿಂದ ‘ಪುರಾವೆ ಒದಗಿಸದ ಹೇಳಿಕೆಯನ್ನು ನಿರಾಕರಿಸಬಹುದು, ಅದು ಒಪ್ಪಂದದ ಉಲ್ಲಂಘನೆಯಲ್ಲ’ ಎಂಬ ಸಾಲು ಇರಲೇಬೇಕು. ಜಾಹೀರಾತು ಎಂಬ ಸೂಚನೆಯನ್ನು ವಿಡಿಯೊದಲ್ಲಿ ಹಾಕಬಾರದೆಂದು ಹೇಳುವ ಷರತ್ತನ್ನಂತೂ ಒಪ್ಪುವಂತೆಯೇ ಇಲ್ಲ. ಹಣ ಪಡೆದ ಸಂಬಂಧವನ್ನು ಬಹಿರಂಗಪಡಿಸಬೇಕೆಂದು ಪ್ರಾಧಿಕಾರದ 2022ರ ಮಾರ್ಗಸೂಚಿಗಳು ಹೇಳುತ್ತವೆ.

ಪಾವತಿ

ನಾಲ್ಕನೇ ಪುಟದ ಸಾಲು: ‘ಶೇ 25 ಮುಂಗಡ. ಉಳಿದ ಮೊತ್ತವನ್ನು ಕ್ಯಾಂಪೇನ್ ಮುಗಿದು 60 ದಿನಗಳಲ್ಲಿ, ಕಂಪನಿಯಿಂದ ಏಜೆನ್ಸಿಗೆ ಹಣ ಸಂದಾಯವಾದ ನಂತರ ಪಾವತಿಸಲಾಗುವುದು. ಎಲ್ಲ ತೆರಿಗೆಗಳೂ ಸೇರಿವೆ.’ ಇದರಲ್ಲಿ ಮೂರು ಗಂಟುಗಳಿವೆ.

ಮೊದಲನೆಯದು ದಿನದ ಎಣಿಕೆ. ವಿಡಿಯೊ ಪ್ರಕಟವಾಗುವುದು ಜೂನ್ 10ರಂದು. ಆದರೆ ವ್ಯಾಖ್ಯೆಯ ಪ್ರಕಾರ ‘ಕ್ಯಾಂಪೇನ್’ ಎಂದರೆ ಇನ್ನೂ ಹಲವು ವಾಹಿನಿಗಳ ಮೂಲಕ ಜುಲೈ 31ರವರೆಗೆ ನಡೆಯುವ ಇಡೀ ಪ್ರಚಾರ. ಅಲ್ಲಿಂದ 60 ದಿನ ಎಂದರೆ ಸೆಪ್ಟೆಂಬರ್ 29. ತನ್ನ ಕೆಲಸ ಮುಗಿಸಿದ ಮಹಿಳೆ ಇತರರ ಕೆಲಸ ಮುಗಿಯುವುದಕ್ಕೂ ಕಾಯಬೇಕಾಗುತ್ತದೆ. ‘ವಿಡಿಯೊ ಪ್ರಕಟವಾದ ದಿನದಿಂದ 30 ದಿನ’ ಎಂದು ತಿದ್ದಿದರೆ ಅದೇ ಹಣ ಜುಲೈ 10ಕ್ಕೆ ಬರಬೇಕಾಗುತ್ತದೆ.

ಎರಡನೆಯದು ‘ಕಂಪನಿಯಿಂದ ಹಣ ಸಂದಾಯವಾದ ನಂತರ’ ಎಂಬ ಮಾತು. ಕಂಪನಿ ಮತ್ತು ಏಜೆನ್ಸಿಯ ನಡುವಿನ ಜಗಳದ ಹೊರೆಯನ್ನು ಇದು ವಾಹಿನಿಯ ಮೇಲೆ ಹೊರಿಸುತ್ತದೆ. ಈ ಮಾತು ಇರುವ ತನಕ 60 ದಿನ ಎಂಬ ಅಂಕಿಗೂ ಅರ್ಥವಿಲ್ಲ. ಇದನ್ನು ತೆಗೆಸುವುದೇ ಸರಿ.

ಇಲ್ಲಿ ನೆರವಿಗೆ ಬರಬಹುದಾದ ಕಾನೂನೊಂದಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಗೆ ಕೊಡಬೇಕಾದ ಹಣದ ಗಡುವನ್ನು, ಲಿಖಿತ ಒಪ್ಪಂದವಿದ್ದರೂ, 45 ದಿನಗಳಿಗಿಂತ ಹೆಚ್ಚು ಇಡುವಂತಿಲ್ಲ. ಎಣಿಕೆ ಆರಂಭವಾಗುವುದು ಸೇವೆ ಒದಗಿಸಿದ ದಿನದಿಂದ. 15 ದಿನಗಳೊಳಗೆ ಲಿಖಿತ ಆಕ್ಷೇಪ ಬಂದಿದ್ದರೆ ಅದು ನಿವಾರಣೆಯಾದ ದಿನದಿಂದ. ಜೂನ್ 10ರಿಂದ ಎಣಿಸಿದರೆ ಜುಲೈ 25 ಕಡೆಯ ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ತೆರಬೇಕು. ಸೇವಾ ಉದ್ದಿಮೆಯಾಗಿ ‘ಉದ್ಯಮ್’ ನೋಂದಣಿ ಮಾಡಿಸಲು ಶುಲ್ಕವಿಲ್ಲ. ಆದರೆ ಅದನ್ನು ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ಮಾಡಿಸಿ, ಸಂಖ್ಯೆಯನ್ನು ಒಪ್ಪಂದದಲ್ಲೂ ಬಿಲ್ಲಿನಲ್ಲೂ ನಮೂದಿಸುವುದು ಕ್ಷೇಮ. ಹಣ ಬಾಕಿ ಬಿದ್ದ ಮೇಲೆ ಮಾಡಿಸಿದ ನೋಂದಣಿ ಆ ಬಾಕಿಗೆ ಅನ್ವಯಿಸುತ್ತದೆಯೇ ಎಂಬುದೇ ನ್ಯಾಯಾಲಯಗಳಲ್ಲಿ ವಾದಕ್ಕೆ ಗುರಿಯಾಗಿದೆ. ಒಪ್ಪಂದದಲ್ಲಿ ಮುಂಬೈ ನ್ಯಾಯಾಲಯ ಎಂದಿದ್ದರೂ ಈ ಕಾಯ್ದೆಯಡಿ ಪೂರೈಕೆದಾರರು ತಮ್ಮ ರಾಜ್ಯದ ಸೌಲಭ್ಯ ಮಂಡಳಿಗೆ ದೂರು ಕೊಡಬಹುದು. 90 ದಿನಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳಿದರೂ ಪ್ರಾಯೋಗಿಕವಾಗಿ ಹೆಚ್ಚು ಕಾಲ ಹಿಡಿಯುವುದುಂಟು ಎಂಬುದನ್ನು ಮರೆಯಬಾರದು.

ಮೂರನೆಯ ಗಂಟು ತೆರಿಗೆ. ಆಕೆ ಜಿಎಸ್‌ಟಿ ನೋಂದಣಿ ಹೊಂದಿದ್ದರೆ ‘ಎಲ್ಲ ತೆರಿಗೆಗಳೂ ಸೇರಿವೆ’ ಎಂಬ ಮಾತಿನಿಂದ ಶೇ 18ರ ತೆರಿಗೆ 1,20,000 ರೂಪಾಯಿಯೊಳಗಿಂದಲೇ ಹೋಗುತ್ತದೆ. ಆಗ ಶುಲ್ಕವಾಗಿ ಉಳಿಯುವುದು ಸುಮಾರು 1,01,695 ರೂಪಾಯಿ. 18,305 ರೂಪಾಯಿ ತೆರಿಗೆ. ‘ಜಿಎಸ್‌ಟಿ ಪ್ರತ್ಯೇಕ’ ಎಂಬ ಎರಡು ಪದಗಳಿಂದ ಈ ನಷ್ಟ ತಪ್ಪುತ್ತದೆ. ಮೂಲದಲ್ಲೇ ಕಡಿತವಾಗುವ ಟಿಡಿಎಸ್ ಬೇರೆಯದು. ವೃತ್ತಿಪರ ಶುಲ್ಕವೆಂದು ಪರಿಗಣಿಸಿದರೆ ಶೇ 10ರಂತೆ 12,000 ರೂಪಾಯಿ ಹಿಡಿಯಲಾಗುತ್ತದೆ. ಅದು ನಷ್ಟವಲ್ಲ, ರಿಟರ್ನ್ಸ್ ಸಲ್ಲಿಸುವಾಗ ಲೆಕ್ಕಕ್ಕೆ ಸಿಗುತ್ತದೆ. ಆದರೆ ಹಿಡಿದ ಹಣವನ್ನು ಏಜೆನ್ಸಿ ಸರಕಾರಕ್ಕೆ ಕಟ್ಟಿ ಪ್ರಮಾಣಪತ್ರ ಕೊಡಬೇಕೆಂದು ಬರೆದಿರಬೇಕು.

ಪ್ರತಿಸ್ಪರ್ಧಿಗಳ ನಿರ್ಬಂಧ

‘ಎಕ್ಸ್‌ಕ್ಲೂಸಿವಿಟಿ’ ಎಂದರೆ ಒಂದು ಕಂಪನಿಯ ಪ್ರಚಾರ ಮಾಡುವಾಗ ಅದರ ಪ್ರತಿಸ್ಪರ್ಧಿಗಳ ಪ್ರಚಾರ ಮಾಡಬಾರದೆಂಬ ಕಟ್ಟು. ಕಂಪನಿ ಇದನ್ನು ಕೇಳುವುದರಲ್ಲಿ ತಪ್ಪಿಲ್ಲ. ಇಂದು ಒಂದು ಸಾಂಬಾರ್ ಪುಡಿಯನ್ನು ಹೊಗಳಿ ನಾಳೆ ಮತ್ತೊಂದನ್ನು ಹೊಗಳಿದರೆ ಎರಡರ ಮೇಲೂ ನಂಬಿಕೆ ಉಳಿಯದು. ಪ್ರಶ್ನೆ ಇರುವುದು ಕಟ್ಟಿನ ಅಗಲ ಮತ್ತು ಉದ್ದದಲ್ಲಿ.

ಉದಾಹರಣೆಯ ಒಪ್ಪಂದದಲ್ಲಿ ‘ಕಾಂಪಿಟಿಟರ್’ ಎಂಬುದಕ್ಕೆ ‘ಆಹಾರ ಪದಾರ್ಥ ಹಾಗೂ ಅಡುಗೆಮನೆ ಉಪಕರಣಗಳ ಯಾವುದೇ ತಯಾರಕ’ ಎಂಬ ಅರ್ಥ ಕೊಡಲಾಗಿದೆ. ಕಂಪನಿ ಮಾರುವುದು ಮಸಾಲೆ ಪುಡಿ. ತಡೆದಿರುವುದು ಎಣ್ಣೆ, ಅಕ್ಕಿ, ಕುಕ್ಕರ್, ಮಿಕ್ಸಿ ಎಲ್ಲವನ್ನೂ. ಅವಧಿ ‘ಟರ್ಮ್’ ಮುಗಿಯುವವರೆಗೆ, ಅಂದರೆ ವಿಡಿಯೊ ಪ್ರಕಟವಾದ ಬಳಿಕವೂ ಆರು ತಿಂಗಳು. ಈ ವಾಹಿನಿಗೆ ತಿಂಗಳಿಗೆ ಅಡುಗೆ ಎಣ್ಣೆಯ ಪ್ರಚಾರದಿಂದ 30,000, ಪಾತ್ರೆ ಕಂಪನಿಯಿಂದ 25,000 ರೂಪಾಯಿ ಬರುತ್ತಿದೆ ಎಂದಾದರೆ ಆರು ತಿಂಗಳಲ್ಲಿ ಕೈ ತಪ್ಪುವುದು 3,30,000 ರೂಪಾಯಿ. 1,20,000 ಗಳಿಸಲು ಅದರ ಎರಡೂಮುಕ್ಕಾಲು ಪಟ್ಟು ಬಿಟ್ಟುಕೊಟ್ಟಂತಾಗುತ್ತದೆ. ನಿರ್ಬಂಧದ ಬೆಲೆ ಕಟ್ಟುವ ಸರಳ ವಿಧಾನವೇ ಇದು: ಹಿಂದಿನ ಆರು ತಿಂಗಳ ಬಿಲ್ಲುಗಳನ್ನು ತೆಗೆದು, ಈ ಸಾಲು ಇದ್ದಿದ್ದರೆ ಯಾವುವು ಬರುತ್ತಿರಲಿಲ್ಲವೆಂದು ಕೂಡಿಸಬೇಕು.

ನ್ಯಾಯಾಲಯದಲ್ಲಿ ಇದು ನಿಲ್ಲುವುದಿಲ್ಲ ಎಂಬ ಭರವಸೆಯ ಮೇಲೆ ಸಹಿ ಹಾಕುವುದು ಅಪಾಯಕರ. ವ್ಯಾಪಾರವನ್ನು ನಿರ್ಬಂಧಿಸುವ ಕರಾರು ಅಸಿಂಧು ಎಂದು 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಹೇಳುವುದೇನೋ ನಿಜ. ಕ್ರಿಕೆಟಿಗ ಜಹೀರ್ ಖಾನ್ ಅವರ ಜಾಹೀರಾತು ವ್ಯವಹಾರ ನೋಡಿಕೊಳ್ಳುತ್ತಿದ್ದ ಪರ್ಸೆಪ್ಟ್ ಡಿ’ಮಾರ್ಕ್ ಕಂಪನಿಯು, ಒಪ್ಪಂದ ಮುಗಿದ ಮೇಲೂ ಹೊಸ ಪ್ರಸ್ತಾವಗಳನ್ನು ಮೊದಲು ತನ್ನ ಮುಂದಿಡಬೇಕೆಂಬ ಷರತ್ತನ್ನು ಮುಂದಿಟ್ಟಿತ್ತು. ಅವಧಿ ಮುಗಿದ ಮೇಲೆ ಅಂಥ ಷರತ್ತು ನಿಲ್ಲದು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಆದರೆ ಅವಧಿ ಜಾರಿಯಲ್ಲಿರುವಾಗಿನ ನಿರ್ಬಂಧದ ಮಾತು ಬೇರೆ. ಅದು ತೀರಾ ಏಕಪಕ್ಷೀಯವಾಗಿರದಿದ್ದರೆ ಸಾಮಾನ್ಯವಾಗಿ ಸಿಂಧು ಎಂದು 1995ರಲ್ಲಿ ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ನಡುವಿನ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಹೇಳಿತ್ತು. ಮೊದಲ ಪುಟದಲ್ಲಿ ‘ಟರ್ಮ್’ ಅನ್ನು ಆರು ತಿಂಗಳು ಹಿಗ್ಗಿಸಿದ್ದರ ಮರ್ಮ ಇಲ್ಲಿದೆ. ಕೆಲಸ ಮುಗಿದ ನಂತರದ ನಿರ್ಬಂಧವನ್ನು ಅದು ಅವಧಿಯೊಳಗಿನ ನಿರ್ಬಂಧವಾಗಿ ಮಾರ್ಪಡಿಸುತ್ತದೆ.

ತಿದ್ದಿದ ಸಾಲು ಹೀಗಿರಬಹುದು: ‘ಪೊಟ್ಟಣದ ಮಸಾಲೆ ಪುಡಿ ತಯಾರಿಸುವ, ಅನುಬಂಧದಲ್ಲಿ ಹೆಸರಿಸಿದ ನಾಲ್ಕು ಕಂಪನಿಗಳ ಹಣ ಪಡೆದ ಪ್ರಚಾರವನ್ನು, ವಿಡಿಯೊ ಪ್ರಕಟವಾದ ದಿನದಿಂದ 45 ದಿನ ಮಾಡತಕ್ಕದ್ದಲ್ಲ.’ ಹಳೆಯ ವಿಡಿಯೊಗಳು ಇದಕ್ಕೆ ಹೊರತು ಎಂದೂ ಸೇರಿಸಬೇಕು. ಇಲ್ಲವಾದರೆ ವರ್ಷದ ಹಿಂದೆ ಮಾಡಿದ ವಿಡಿಯೊವನ್ನು ಅಳಿಸುವಂತೆ ಪತ್ರ ಬರಬಹುದು. ಕಂಪನಿಗೆ ಆರು ತಿಂಗಳೇ ಬೇಕೆಂದಾದರೆ ಅದಕ್ಕೆ ಪ್ರತ್ಯೇಕ ಶುಲ್ಕ ಕೇಳುವುದು ನ್ಯಾಯ.

ರದ್ದತಿ

ಕೊನೆಯಿಂದ ಎರಡನೇ ಪುಟದಲ್ಲಿ, ‘ಕಂಪನಿಯು ಏಳು ದಿನಗಳ ನೋಟಿಸ್ ನೀಡಿ, ಕಾರಣ ಕೊಡದೆ ಒಪ್ಪಂದ ರದ್ದುಪಡಿಸಬಹುದು. ಪ್ರಕಟವಾಗದ ಕೆಲಸಕ್ಕೆ ಹಣ ಸಲ್ಲದು, ಮುಂಗಡ ಹಿಂತಿರುಗಿಸತಕ್ಕದ್ದು. ನಿರ್ಬಂಧದ ಷರತ್ತು ರದ್ದತಿಯ ನಂತರವೂ ಮುಂದುವರಿಯುತ್ತದೆ’ ಎಂದಿದೆ. ವಿಡಿಯೊ ಮಾಡುವವರಿಗೆ ಇಂಥ ಹಕ್ಕು ಇಲ್ಲ. ಅವರು ಹಿಂದೆ ಸರಿದರೆ ಶುಲ್ಕದ ಎರಡರಷ್ಟು, ಅಂದರೆ 2,40,000 ರೂಪಾಯಿ ಪರಿಹಾರ ಕೊಡಬೇಕು.

ಮೇ 28ರಂದು ಕಂಪನಿ ಮನಸ್ಸು ಬದಲಿಸಿತೆಂದು ಭಾವಿಸಬಹುದು. ಅಷ್ಟರಲ್ಲಿ ಸ್ಕ್ರಿಪ್ಟ್ ಒಪ್ಪಿಗೆಯಾಗಿದೆ, ಚಿತ್ರೀಕರಣ ಮುಗಿದಿದೆ, ಕರಡು ತಲುಪಿದೆ, 22,000 ರೂಪಾಯಿ ಖರ್ಚಾಗಿದೆ. ಒಪ್ಪಂದದ ಪ್ರಕಾರ 30,000 ರೂಪಾಯಿ ಮುಂಗಡವನ್ನು ಮರಳಿಸಬೇಕು. ಗಳಿಕೆ ಸೊನ್ನೆ, ನಷ್ಟ 22,000 ರೂಪಾಯಿ, ಜೊತೆಗೆ ಬೇರೆ ಕಂಪನಿಗಳ ಕೆಲಸವನ್ನೂ ಹಿಡಿಯುವಂತಿಲ್ಲ.

ಇದರ ಬದಲು ಹಂತವಾರು ಪಾವತಿ ಬರೆಸಬೇಕು. ಸ್ಕ್ರಿಪ್ಟ್ ಒಪ್ಪಿದ ಮೇಲೆ ರದ್ದಾದರೆ ಶೇ 30, ಕರಡು ವಿಡಿಯೊ ತಲುಪಿದ ಮೇಲೆ ಶೇ 75, ಅಂತಿಮ ಒಪ್ಪಿಗೆಯ ನಂತರ ಪೂರ್ಣ ಮೊತ್ತ. ಅದೇ ಮೇ 28ರ ರದ್ದತಿಯಲ್ಲಿ ಆಗ 90,000 ರೂಪಾಯಿ ಸಲ್ಲಬೇಕು. ಮುಂಗಡ ಕಳೆದು 60,000 ಬಾಕಿ. ಕಂಪನಿಯೇ ರದ್ದು ಮಾಡಿದರೆ ನಿರ್ಬಂಧವೂ ಅದೇ ದಿನ ಕೊನೆಗೊಳ್ಳಬೇಕು, ಪ್ರಕಟವಾಗದ ವಿಡಿಯೊದ ಹಕ್ಕು ವಾಹಿನಿಗೆ ಮರಳಬೇಕು. ಎರಡರಷ್ಟು ಪರಿಹಾರದ ಸಾಲಿಗೆ ಅಂಜಬೇಕಾಗಿಲ್ಲವಾದರೂ ಅದನ್ನು ಉಳಿಸಿಕೊಳ್ಳಬಾರದು. ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಒಪ್ಪಂದದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ಅದರೊಳಗೆ ಸಮಂಜಸವಾದಷ್ಟನ್ನು ನ್ಯಾಯಾಲಯ ಕೊಡಿಸುತ್ತದೆ. ಆದರೆ ಆ ತೀರ್ಮಾನಕ್ಕಾಗಿ ನ್ಯಾಯಾಲಯದವರೆಗೆ ಹೋಗಬೇಕು. ಹಿಂತಿರುಗಿಸಬೇಕಾದದ್ದು ಪಡೆದ ಶುಲ್ಕಕ್ಕಿಂತ ಹೆಚ್ಚಿರಬಾರದು ಎಂಬ ಮಿತಿಯನ್ನು ಒಪ್ಪಂದದಲ್ಲೇ ಹಾಕುವುದು ಮೇಲು.

‘ಕಂಪನಿಯ ಅಭಿಪ್ರಾಯದಲ್ಲಿ ಅದರ ಹೆಸರಿಗೆ ಕುಂದು ತಂದರೆ’ ತಕ್ಷಣ ರದ್ದು ಎಂಬ ಸಾಲೂ ಸಾಮಾನ್ಯ. ‘ಅಭಿಪ್ರಾಯ’ ಎಂಬುದಕ್ಕೆ ಬದಲಾಗಿ ನ್ಯಾಯಾಲಯ ಅಥವಾ ಸಕ್ಷಮ ಪ್ರಾಧಿಕಾರದ ಆದೇಶದಂತಹ ಆಧಾರವಿರಬೇಕು. ಈ ಹಕ್ಕು ಎರಡೂ ಕಡೆಗಿರಬೇಕು. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರದ ಆಹಾರ ಸುರಕ್ಷತಾ ಸಂಸ್ಥೆಗಳು ಎಥಿಲೀನ್ ಆಕ್ಸೈಡ್ ಅಂಶದ ಕಾರಣಕ್ಕೆ ಭಾರತದ ಕೆಲವು ಮಸಾಲೆ ಪುಡಿಗಳ ವಿರುದ್ಧ ಕ್ರಮ ಕೈಗೊಂಡಿದ್ದವು. ಅಂಥ ಸಂದರ್ಭದಲ್ಲಿ ಕುಂದು ಬರುವುದು ಪ್ರಚಾರ ಮಾಡಿದವರ ಹೆಸರಿಗೆ. ಉತ್ಪನ್ನದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಕ್ರಮ ಕೈಗೊಂಡರೆ ವಿಡಿಯೊ ತೆಗೆದುಹಾಕುವ, ಆದರೂ ಪೂರ್ಣ ಹಣ ಪಡೆಯುವ ಹಕ್ಕನ್ನು ಬರೆಸಿಕೊಳ್ಳಬಹುದು.

ತಿದ್ದುಪಡಿ ಕೇಳುವ ರೀತಿ

ಬದಲಾವಣೆಗಳನ್ನು ಫೋನಿನಲ್ಲಿ ಹೇಳಿ, ‘ಆಗಲಿ, ನೋಡೋಣ’ ಎಂಬ ಉತ್ತರ ಪಡೆದು ಸಹಿ ಹಾಕುವುದರಿಂದ ಪ್ರಯೋಜನವಿಲ್ಲ. ಬಹುತೇಕ ಕರಾರುಗಳ ಕೊನೆಯಲ್ಲಿ ‘ಇದೇ ಸಂಪೂರ್ಣ ಒಪ್ಪಂದ, ಹಿಂದಿನ ಮಾತುಕತೆಗಳಿಗೆ ಮಾನ್ಯತೆಯಿಲ್ಲ’ ಎಂಬ ಸಾಲಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಸಿಕ್ಕ ಭರವಸೆಗಳನ್ನು ಆ ಸಾಲು ಅಳಿಸಿಹಾಕುತ್ತದೆ. ಒಂದೇ ಇ-ಮೇಲ್‌ನಲ್ಲಿ ಷರತ್ತಿನ ಸಂಖ್ಯೆ, ಈಗಿರುವ ಸಾಲು, ಬೇಕಾದ ಸಾಲು ಎಂದು ಕ್ರಮವಾಗಿ ಬರೆದು ಕಳುಹಿಸಿ, ತಿದ್ದಿದ ಪ್ರತಿ ಬಂದ ಮೇಲೆ ಅದನ್ನು ಮತ್ತೆ ಮೊದಲಿನಿಂದ ಓದಬೇಕು. ಕೇಳಿದ ಬದಲಾವಣೆ ಮಾಡುವಾಗ ಕೇಳದ ಬದಲಾವಣೆಗಳೂ ಸೇರಿರುವುದುಂಟು.

ಎಲ್ಲವೂ ಸಿಗುವುದಿಲ್ಲ. ದೊಡ್ಡ ಕಂಪನಿಗಳು ಮುದ್ರಿತ ನಮೂನೆಯನ್ನು ಸುಲಭವಾಗಿ ಬದಲಿಸವು. ಆಗ ಬಿಟ್ಟುಕೊಡಬಹುದಾದದ್ದು ವೀಕ್ಷಣೆ ಅವಧಿ, ಮೂರನೇ ಸುತ್ತಿನ ಸಣ್ಣ ತಿದ್ದುಪಡಿ, ಮುಂಗಡದ ಪ್ರಮಾಣ ಇಂಥವುಗಳನ್ನು. ಬಿಡಬಾರದ್ದು ಮೂರು: ಉತ್ತರ ಬಾರದಿದ್ದರೆ ಒಪ್ಪಿಗೆ ಎಂಬ ಸಾಲು, ಪ್ರಕಟಣೆಯ ದಿನದಿಂದ ಎಣಿಸುವ ಪಾವತಿಯ ಗಡುವು, ಕಂಪನಿ ರದ್ದು ಮಾಡಿದರೆ ನಿರ್ಬಂಧವೂ ರದ್ದು ಎಂಬ ಷರತ್ತು. ಮೊತ್ತದಲ್ಲಿ ಹತ್ತು ಸಾವಿರ ಕಡಿಮೆಯಾದರೂ ಈ ಮೂರು ಸಾಲುಗಳಿರುವ ಒಪ್ಪಂದದಲ್ಲಿ ಹಣ ಯಾವ ದಿನ ಬರುತ್ತದೆಂಬುದನ್ನು ದಾವಣಗೆರೆಯ ಆ ಮಹಿಳೆ ಸಹಿ ಹಾಕುವ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬಹುದು. ಮೊದಲಿನ ಕರಾರಿನಲ್ಲಿ ಗುರುತು ಹಾಕಲು ದಿನವೇ ಇರಲಿಲ್ಲ.